ಸೊನ್ನೆಯಾಗದ ಎಡಭಾಗ

ಪಿಎಚ್.ಡಿ. ಪ್ರಬಂಧ ಬೈಂಡಿಂಗಿಗೆ ಹೋಗಿತ್ತು. ನಾಳೆ ಸಂಜೆಯೊಳಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿಬಿಟ್ಟರೆ ಅಕ್ಕನ ತಲೆಯ ಮೇಲಿನ ಭಾರ ಇಳಿದಂತೆ. ಒಪ್ಪಿಸದಿದ್ದರೆ ರಿಜಿಸ್ಟ್ರೇಶನ್ ರದ್ದು. ಗಡುವನ್ನು ಮೂರು ಸಲ ಮುಂದೂಡಿಸಿ ಆಗಿತ್ತು. ವರ್ಷಗಳ ನಂತರ ಮೊದಲ ಸಲ ಊಟದ ಮೇಜಿನ ಮೇಲೆ ಅವಳ ಕಾಗದಗಳಿರಲಿಲ್ಲ. ಆ ಜಾಗವನ್ನು ಎಂಜಿನಿಯರಿಂಗ್ ಓದುತ್ತಿದ್ದ ತಂಗಿ ಆಕ್ರಮಿಸಿಕೊಂಡಿದ್ದಳು.

"ಇದೊಂದು ಹೇಳಿಕೊಡೆ. y″ + 2y′ + 5y = 0. ನಮ್ಮ ಮೇಷ್ಟ್ರು ಹೇಗೆ ಹೇಳಿಕೊಡ್ತಾರೆ ಗೊತ್ತಾ?" ತಂಗಿ ಗಂಟಲು ಕೆರೆದು, ಕನ್ನಡಕವಿಲ್ಲದ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡಳು. "ರೂಟ್ಸು ಮೈನಸ್ ಒನ್ ಪ್ಲಸ್ ಆರ್ ಮೈನಸ್ ಟೂ ಐ! ಆದ್ದರಿಂದ ಕಾಸು, ಆದ್ದರಿಂದ ಸೈನು! ಅಂಡರ್‌ಸ್ಟುಡ್ಡಾ? ಅಂಡರ್‌ಸ್ಟುಡ್ಡೇ!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಉತ್ತರ ಬರುತ್ತೆ ಕಣೆ. ಆದರೆ ಐ ಎಲ್ಲಿ ಹೋಯ್ತು?" ಎಂದಳು ತಂಗಿ.

"ಎಲ್ಲೂ ಹೋಗಲ್ಲ, ಬಿಡಿಸಿ ಇಡ್ತೀವಿ ಅಷ್ಟೆ. ಒಂದು ಪರಿಹಾರ e ಘಾತ (−1+2i)x. ಅದನ್ನ ಒಡೆದರೆ e ಘಾತ −x, ಪಕ್ಕದಲ್ಲಿ cos 2x + i sin 2x. ರಿಯಲ್ ಭಾಗವನ್ನ u ಅನ್ನು, ಇಮ್ಯಾಜಿನರಿ ಭಾಗವನ್ನ v ಅನ್ನು."

"ಇಮ್ಯಾಜಿನರಿ, ನಿನ್ನ ಮದುವೆ ಥರ."

"ಬಾಯಿ ಮುಚ್ಚು. u + iv ಅನ್ನ ಸಮೀಕರಣಕ್ಕೆ ಹಾಕು. ಎಡಗಡೆ ಎರಡು ಗುಂಪಾಗುತ್ತೆ. ಐ ಇಲ್ಲದ ಗುಂಪು u″ + 2u′ + 5u. ಐ ಹಿಡಿದ ಗುಂಪು v″ + 2v′ + 5v. ಒಟ್ಟು ಸೊನ್ನೆ. ಸಂಕೀರ್ಣ ಸಂಖ್ಯೆ ಸೊನ್ನೆ ಆಗಬೇಕಾದರೆ ಎರಡೂ ಭಾಗ ಸೊನ್ನೆ ಆಗಲೇಬೇಕು. ಅಲ್ಲಿಗೆ u ಕೂಡ ಪರಿಹಾರ, v ಕೂಡ ಪರಿಹಾರ. ಎರಡನ್ನೂ ಬೇಕಾದ ಪ್ರಮಾಣದಲ್ಲಿ ಕೂಡಿಸಿಕೋ."

"ಸರಿ. ಆದರೆ ಗುಂಪುಗಳು ಅಷ್ಟು ಮರ್ಯಾದೆಯಾಗಿ ಬೇರೆ ಆಗೋದ್ಯಾಕೆ?"

"ಸಮೀಕರಣದಲ್ಲಿ ವರ್ಗ ಗಿರ್ಗ ಇಲ್ಲ, ಲೀನಿಯರ್. ಮತ್ತೆ ಆ ಎರಡು, ಐದು, ರಿಯಲ್ ಸಂಖ್ಯೆಗಳು. ಸಹಗುಣಕದಲ್ಲೇ ಐ ಇದ್ದಿದ್ರೆ, ಅದು iv ಜೊತೆ ಗುಣಿಸಿ ಮೈನಸ್ v ಆಗಿ ಈ ಕಡೆ ನುಗ್ತಿತ್ತು. u ಗುಂಪಲ್ಲಿ v ಬಂದು ಕೂತ್ಕೋತಿತ್ತು. ಆಗ..."

ಅಕ್ಕನ ಮಾತು ಅಲ್ಲಿಗೇ ನಿಂತಿತು.

ಅವಳ ಪ್ರಬಂಧ ಯಂತ್ರಗಳ ಕೆಳಗಿಡುವ ರಬ್ಬರ್ ದಿಂಬಿನ ಮೇಲೆ. ರಬ್ಬರು ನಡುಕವನ್ನು ನುಂಗುವುದನ್ನು ತೋರಿಸಲು ಬಿಗುವಿನ ಸಹಗುಣಕದಲ್ಲೇ ಒಂದು ಐ ಸೇರಿಸಿದ್ದಳು: x″ + ω²(1 + iη)x = 0. ಇಳಿಯುವ ಒಂದು ಮೂಲ ಹಿಡಿದು, ಅದರ ರಿಯಲ್ ಭಾಗ ತೆಗೆದು, ಕಾಸು ಸೈನು ಬರೆದು, ಅದರ ಮೇಲೆ ಮೂರು ಅಧ್ಯಾಯ ಕಟ್ಟಿದ್ದಳು.

ತಂಗಿಯ ಪೆನ್ನು ಕಿತ್ತುಕೊಂಡಳು. u + iv ಹಾಕಿದಳು. ಐ ಇಲ್ಲದ ಗುಂಪಿನಲ್ಲಿ u″ + ω²u ಮುಗಿದ ಮೇಲೂ −ω²ηv ಕಣ್ಣು ಮಿಟುಕಿಸುತ್ತ ಕೂತಿತ್ತು. ಇನ್ನೊಂದು ಮೂಲ ನೋಡಿದಳು. ತಂಗಿಯ ಲೆಕ್ಕದಲ್ಲಿದ್ದಂತೆ ಐ ಮುಂದಿನ ಚಿಹ್ನೆಯಷ್ಟೇ ಬದಲಾದ ಜೋಡಿ ಅಲ್ಲ, ಮೊದಲನೆಯದರ ಋಣ. ಮೊದಲನೆಯದು ಇಳಿದರೆ ಇದು ಏರುತ್ತದೆ. ನಿಂತ ಯಂತ್ರ ತನ್ನಷ್ಟಕ್ಕೇ ಕುಣಿಯುತ್ತ ಹೋಗುತ್ತದೆ. ಹೀಗೆ ಏರುವ ಪರಿಹಾರವಿದೆ ಎಂಬ ಮಾತೇ ಪ್ರಬಂಧದ ಯಾವ ಪುಟದಲ್ಲೂ ಇರಲಿಲ್ಲ.

ರಬ್ಬರು ಎಷ್ಟು ನುಂಗುತ್ತದೆ ಎಂದು ಹೇಳುವ ಆ η ಚಿಕ್ಕದಾದರೆ ಹೇಗೋ ಹತ್ತಿರದ ಉತ್ತರ ಎಂದು ನಿಭಾಯಿಸಬಹುದಿತ್ತು. ಆದರೆ ತನ್ನ ಕೆಲಸದ ಹೊಸತನವೇ η ದೊಡ್ಡದಿರುವುದು ಎಂದು ಅವಳೇ ಮುನ್ನುಡಿಯಲ್ಲಿ ಕೊಚ್ಚಿಕೊಂಡಿದ್ದಳು.

ಗೈಡಿಗೆ ಫೋನ್ ಮಾಡಿದಳು. ಅವರು ನಿಧಾನವಾಗಿ ಕೇಳಿಸಿಕೊಂಡರು.

"ಎಲ್ಲರೂ ಹೀಗೇ ಬರೀತಾರಮ್ಮ."

"ಅದು ಯಂತ್ರ ಒಂದೇ ವೇಗದಲ್ಲಿ ತಿರುಗ್ತಾ ಇರೋವಾಗ ಸಾರ್, ಅಲ್ಲಿ ನಡೆಯುತ್ತೆ. ನಾನು ಲೆಕ್ಕ ಹಾಕಿರೋದು ಯಂತ್ರ ನಿಂತ ಮೇಲಿನ ನಡುಕ."

ಗೈಡು ದನಿ ತಗ್ಗಿಸಿದರು.

"ಪರೀಕ್ಷಕರು ಮುನ್ನುಡಿ ಓದ್ತಾರೆ. ಆಮೇಲೆ ಊಟ ಎಲ್ಲಿ ಅಂತ ಕೇಳ್ತಾರೆ. ಸುಮ್ಮನೆ ಕೊಟ್ಟುಬಿಡಮ್ಮ. ನಾನೂ ಈ ತಿಂಗಳು ರಿಟೈರ್ ಆಗ್ತೀನಿ. ಇನ್ನೊಂದು ಗಡುವು ಕೇಳೋಕೆ ನನ್ನ ಹತ್ತಿರ ಮುಖ ಇಲ್ಲ."

"ಆ ಮೂರು ಅಧ್ಯಾಯ ತೆಗೆದುಬಿಟ್ರೆ?"

"ತೆಗೆದುಬಿಟ್ರೆ ಉಳಿಯೋದು ನಿನ್ನ ಕೃತಜ್ಞತೆಗಳು." ಅವರು ನಗಲು ನೋಡಿದರು, ಆಗಲಿಲ್ಲ. "ನಾನೂ ನೋಡಬೇಕಿತ್ತು. ನಾನೂ ನೋಡಲಿಲ್ಲ."

ಅಕ್ಕ ಫೋನಿಟ್ಟಳು. ಕೊಟ್ಟರೆ ಸಿಗುವ ಪದವಿಯನ್ನು ಊಹಿಸಿಕೊಂಡಳು. ಯಾವುದೋ ಕಾಲೇಜಿನ ತರಗತಿ, ಕರಿಹಲಗೆ, ಮುಂದಿನ ಬೆಂಚಿನಲ್ಲಿ ಯಾರೋ ಒಬ್ಬಳು ಕೈಯೆತ್ತಿ ಯಾಕೆ ಎಂದು ಕೇಳುವುದು. ಆಗ ತನ್ನ ಬಾಯಲ್ಲೂ ಆ 'ಅಂಡರ್‌ಸ್ಟುಡ್ಡೇ!' ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಬೈಂಡಿಂಗಿನವರಿಗೆ ಫೋನ್ ಮಾಡಿ, ನಿಲ್ಲಿಸಿ ಎಂದಳು. ಆಗಲೇ ಅಂಟು ಹಾಕಿಯಾಯ್ತಲ್ಲ ಮೇಡಂ ಎಂದರು. ಪರವಾಗಿಲ್ಲ, ಬೇಡ ಎಂದಳು.

ತಂಗಿ ಅಳುತ್ತಿದ್ದಳು. "ನಾನು ಕೇಳಬಾರದಿತ್ತು ಕಣೆ ಅಕ್ಕ. ನನ್ನ ಬಾಯಿಗೆ ಬೆಂಕಿ ಬೀಳ."

"ನೀನು ಕೇಳದೇ ಇದ್ದಿದ್ರೂ ಅದು ಸೊನ್ನೆ ಆಗ್ತಿರಲಿಲ್ಲ."

ಅಷ್ಟು ಹೇಳಿ ಅಕ್ಕ ಪೆನ್ನು ವಾಪಸು ಕೊಟ್ಟಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಂಗಿ ಎರಡು ಸಲ ತಟ್ಟಿದಳು. ಬಾಗಿಲು ತೆರೆಯಲಿಲ್ಲ.