ಡೈ ಒಳಗಿನ ಕೈ

ಬಲಗೈಗೆ ಆರು ಬೆರಳು. ಕೊನೆಯ ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ರಾಜಗೋಪಾಲನಗರದ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ರೇವಣಸಿದ್ದನಿಗೆ ಪರದೆಯ ಮೇಲಿನ ಆ ಕೈಯನ್ನು ನೋಡಿ ನೋಡಿ ಕಣ್ಣುರಿ ಹತ್ತಿತ್ತು.

ಪೀಣ್ಯದ ಒಂದು ಕಾರ್ಖಾನೆಯ ಸುರಕ್ಷತಾ ಸಪ್ತಾಹದ ಬ್ಯಾನರ್ ಅದು. ಅಲ್ಲಿನ ಸೇಫ್ಟಿ ಆಫೀಸರ್ ಪರಮಾನಂದ ಎಐ ಕೈಲಿ ಚಿತ್ರ ಬರೆಸಿ ವಾಟ್ಸಾಪಿನಲ್ಲಿ ತಳ್ಳಿದ್ದ. ಹಳದಿ ಹೆಲ್ಮೆಟ್ ಹಾಕಿಕೊಂಡು ಹಲ್ಲು ಕಿರಿಯುತ್ತ, ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ ನಡೆಸುತ್ತಿರುವ ಕೆಲಸಗಾರ. ಪ್ರೆಸ್ ಮುಂದೆ ಹಾಗೆ ನಗುವವನನ್ನು ರೇವಣಸಿದ್ದ ಇದುವರೆಗೂ ಕಂಡಿರಲಿಲ್ಲ.

ಇಡೀ ಚಿತ್ರ ಮತ್ತೆ ಮಾಡಿಸಿದರೆ ಮುಖವೂ ಬದಲಾಗುತ್ತದೆ, ಆಮೇಲೆ ಪರಮಾನಂದನ ಕೈಲಿ ಬೈಸಿಕೊಳ್ಳಬೇಕು. ಹಾಗಾಗಿ ಕೈಯ ಮೇಲೆ ಮಾತ್ರ, ಮಣಿಕಟ್ಟೂ ಸೇರುವಂತೆ, ಬ್ರಷ್ಷಿನಲ್ಲಿ ಮಾಸ್ಕ್ ಬಳಿದ. ಬಳಿದಷ್ಟನ್ನೇ ಎಐ ಹೊಸದಾಗಿ ಬರೆಯುತ್ತದೆ. ಬದಲಾವಣೆಯ ಪ್ರಮಾಣ ಕಡಿಮೆ ಇಟ್ಟರೆ ಅದೇ ಆರು ಬೆರಳು ವಾಪಸ್ಸು. ಹೆಚ್ಚಿಸಿದರೆ ತೋಳಿಗೆ ಹೊಂದದ ಯಾರದೋ ಕೈ. ಕೊನೆಗೆ ಹೆಚ್ಚಿನ ಬೆರಳನ್ನು ಹಿಂದಿನ ಕಬ್ಬಿಣದ ಬಣ್ಣದಿಂದಲೇ ಒರಟಾಗಿ ಮುಚ್ಚಿ, ಅಂಟಿದ ಬೆರಳುಗಳ ನಡುವೆ ಕಪ್ಪು ಗೆರೆ ಎಳೆದು, ಪ್ರಮಾಣವನ್ನು ನಡುಮಟ್ಟಕ್ಕಿಟ್ಟು ಓಡಿಸಿದ. ಹತ್ತೊಂಬತ್ತನೇ ಸಲಕ್ಕೆ ಐದು ಬೆರಳು, ಉಗುರು ಸಮೇತ ಬಂದವು.

ಅಂಗಡಿ ಮಾಲೀಕ ಲೋಕೇಶ್ ಅದನ್ನು ಕಳಿಸಿದ. ಎರಡೇ ನಿಮಿಷಕ್ಕೆ ಪರಮಾನಂದನಿಂದ ಎತ್ತಿದ ಹೆಬ್ಬೆರಳಿನ ಗುರುತು ಬಂತು.

"ಓಕೆ ಆಯ್ತು ಮಗಾ. ಪ್ರಿಂಟಿಗೆ ಬಿಡು," ಎಂದ ಲೋಕೇಶ್.

ಬ್ಯಾನರ್ ಒಯ್ಯಲು ಕಾರ್ಖಾನೆಯಿಂದ ಕಾಡಪ್ಪ ಬಂದು ಆಗಲೇ ಸ್ಟೂಲಿನ ಮೇಲೆ ಕೂತಿದ್ದ. ಎಂಟು ವರ್ಷದ ಹಿಂದೆ ಅದೇ ಕಾರ್ಖಾನೆಯ ಪ್ರೆಸ್ ಅವನ ಬಲಗೈಯ ಎರಡು ಬೆರಳು ತಿಂದಿತ್ತು. ಈಗ ಅಲ್ಲೇ ಕಸ ಗುಡಿಸುತ್ತಾನೆ. ರೇವಣಸಿದ್ದನ ಪಕ್ಕದ ಊರಿನವನು, ಪಕ್ಕದ ರೂಮಿನವನು.

ಕಾಡಪ್ಪ ಎದ್ದು ಬಂದು ಪರದೆ ನೋಡಿದ.

"ಬೆರಳು ಚಂದ ಬಂದಾವಲ್ಲೋ ಸಿದ್ದಾ."

"ಮುಂಜಾನಿಂದ ಅದನ್ನ ಮಾಡಾಕತ್ತೀನಿ ಕಾಕಾ. ಜೀವ ಹೋತು."

"ಮತ್ತ ಆ ಕೈ ಅಲ್ಯಾಕ ಇಟ್ಟಾನ?"

ರೇವಣಸಿದ್ದ ನೋಡಿದ. ಎಡಗೈ ಹಸಿರು ಬಟನ್ ಮೇಲಿತ್ತು. ಬಲಗೈ, ಅವನು ಬೆಳಗಿನಿಂದ ತಿದ್ದಿ ತೀಡಿದ ಆ ಕೈ, ಡೈ ಎಂಬ ಉಕ್ಕಿನ ಅಚ್ಚಿನ ಒಳಗಿತ್ತು. ಪ್ರೆಸ್ ಬಂದು ಬಡಿಯುವ ಜಾಗದಲ್ಲಿ. ಎರಡೂ ಕೈ ಎರಡು ಬಟನ್ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಬೆರಳು ಎಣಿಸುವ ಭರದಲ್ಲಿ ಕೈ ಎಲ್ಲಿದೆ ಅಂತ ಯಾರೂ ನೋಡಿರಲಿಲ್ಲ. ಅವನೂ ನೋಡಿರಲಿಲ್ಲ.

"ಸೋಮವಾರ ಒಡಿಶಾದ ಹುಡುಗರು ಬರ್ತಾರ. ನಮ್ಮ ಶಿವಗಂಗಾನೂ ಅವತ್ತೇ ಪ್ರೆಸ್ಸಿಗೆ ಸೇರ್ತಾಳ. ಟ್ರೇನಿಂಗ್ ಅಂದ್ರ ಏನು ಗೊತ್ತೇನು? ಈ ಬ್ಯಾನರ್ ಮುಂದ ನಿಲ್ಲಿಸಿ, 'ಹಿಂಗ ಮಾಡ್ರಿ' ಅಂತ ಕೋಲಿನಿಂದ ತೋರಸ್ತಾರ. ಅಷ್ಟ." ಕಾಡಪ್ಪನ ದನಿಯಲ್ಲಿ ಮಗಳ ಹೆಸರು ಬಿಟ್ಟು ಬೇರೆಲ್ಲ ಸತ್ತಂತಿತ್ತು.

"ಪ್ರಿಂಟ್ ಬಿಡಲ್ಲ," ಎಂದ ರೇವಣಸಿದ್ದ.

"ಏನ್ ಗುರು, ಸಾರ್ ಓಕೆ ಅಂದವ್ರೆ. ನಮ್ದೇನು ಫ್ಯಾಕ್ಟ್ರಿನಾ?"

"ಓಕೆ ಅಂದವರ ಕೈ ಹೋಗಲ್ಲ ಅಣ್ಣಾ!"

ಲೋಕೇಶ್ ಕಾಡಪ್ಪನ ಬಲಗೈ ನೋಡಿದ. ಆಮೇಲೆ ಗಡಿಯಾರ ನೋಡಿದ. "ಆರಕ್ಕೆ ಕರೆಂಟ್ ತೆಗೀತಾರೆ. ಅಷ್ಟರಲ್ಲಿ ಏನಾರ ಮಾಡ್ಕೊ."

ಕೈ ಮೇಲಷ್ಟೇ ಮಾಸ್ಕ್ ಬಳಿದು 'ಖಾಲಿ ಡೈ' ಅಂದರೆ ಮತ್ತೆ ಅಲ್ಲೇ ಕೈ ಮೂಡಿತು. ತೋಳು ಅತ್ತಲೇ ಚಾಚಿತ್ತಲ್ಲ, ತೋಳಿದ್ದ ಮೇಲೆ ತುದಿಗೊಂದು ಕೈ ಬರೆಯದೆ ಅದು ಬಿಡದು. ಭುಜದವರೆಗೂ ಅಳಿಸಿ, ಡೈಯಲ್ಲಿ ಬರೀ ಕಬ್ಬಿಣ ತುಂಬಿಸಿದ. ಈಗ ಇನ್ನೊಂದು ಬಟನ್ ಮೇಲೆ ಬಲಗೈ ಬೇಕು. ಕೇಳಿದಾಗಲೆಲ್ಲ ಗೆಣಸಿನ ಗೊಂಚಲಿನಂಥ ಬೆರಳು ಕೊಟ್ಟಿತು.

"ಕಾಕಾ, ನಿನ್ನ ಎಡಗೈ ಟೇಬಲ್ ಮ್ಯಾಲ ಊರು. ಬಟನ್ ಒತ್ತಿದಂಗ."

"ಬೇಕಾಗಿದ್ದು ಬಲಗೈ ಅಲ್ಲೇನೋ?"

"ತಿರುವಿ ಹಾಕ್ತೀನಿ. ಕನ್ನಡ್ಯಾಗ ಕಾಣ್ತದಲ್ಲ, ಹಂಗ."

ಫೋನಿನಲ್ಲಿ ತೋಳು ಸಮೇತ ಫೋಟೋ ಹೊಡೆದ. ಅಡ್ಡಕ್ಕೆ ತಿರುವಿ, ಅಳತೆಗೆ ಕುಗ್ಗಿಸಿ ಚಿತ್ರದೊಳಗೆ ಅಂಟಿಸಿದ. ಅದರ ಮೇಲೆ ಮಾಸ್ಕ್ ಬಳಿದು, ಬೆರಳು ಕೆಡದಂತೆ ಪ್ರಮಾಣ ತೀರಾ ಕಡಿಮೆ ಇಟ್ಟು ಓಡಿಸಿದ. ಬೆಳಕು ಹೊಂದಿಕೊಂಡಿತು, ಅಂಚು ಕೂಡಿಕೊಂಡಿತು. ಬೆರಳು ಐದೇ ಉಳಿದವು. ಹೆಬ್ಬೆರಳ ಬುಡದ ಹಳೇ ಸುಟ್ಟ ಕಲೆಯೂ ಉಳಿಯಿತು.

ಕಾಡಪ್ಪ ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದ. ತನ್ನದೇ ಬಲಗೈ, ಪೂರ್ತಿ.

"ಹಿಂಗ ಇತ್ತು ನೋಡು," ಎಂದ.

ಲೋಕೇಶ್ ಕಳಿಸಿದ. ಪರಮಾನಂದನ ಫೋನು ಬಂತು, ಸ್ಪೀಕರಿಗೆ ಹಾಕಿದ. "ಮತ್ಯಾಕೆ ಇನ್ನೊಂದು ಕಳಿಸಿದ್ರಿ? ಬೆರಳು ಐದೇ ಇದೆ ತಾನೆ?"

"ಐದೇ ಸಾರ್. ಕೈ ಡೈ ಒಳಗಿತ್ತು, ಈಚೆಗೆ ತಗೊಂಡ್ವಿ," ಎಂದ ಲೋಕೇಶ್.

"ಹೌದಾ? ಸರಿ, ಐದಿದ್ರೆ ಸಾಕು. ಹಾಕ್ಬಿಡಿ."

ರೇವಣಸಿದ್ದ ಬೈಗುಳ ನುಂಗಿಕೊಂಡು ಪ್ರಿಂಟ್ ಒತ್ತಿದ. ಹಿಂದಿನ ಚಿತ್ರ ಮತ್ತೆ ಯಾರ ಕೈಗೂ ಸಿಗದಂತೆ ಕಂಪ್ಯೂಟರಿನಿಂದ ಅಳಿಸಿದ. ಪರಮಾನಂದನ ಫೋನಿನಲ್ಲಿ ಇರುವುದನ್ನು ಅಳಿಸುವುದು ಅವನ ಕೈಲಿರಲಿಲ್ಲ.

ಆರಕ್ಕೆ ಐದು ನಿಮಿಷ ಇರುವಾಗ ಕಾಡಪ್ಪ ಬ್ಯಾನರಿನ ಸುರುಳಿ ಕಂಕುಳಿಗೆ ಸೇರಿಸಿದ.

"ಕಾಕಾ, ಗೋಡಿಗೆ ಇದನ್ನ ಕಟ್ಟಿಸು. ಬ್ಯಾರೇದು ಕಟ್ಟಾಕ ಬಿಡಬ್ಯಾಡ."

"ನಾನ ಕಟ್ತೀನಿ," ಎಂದು ಕಾಡಪ್ಪ, ಮೂರು ಬೆರಳಲ್ಲಿ ಸುರುಳಿಯ ತುದಿ ಹಿಡಿದು, ಬಸ್ಸಿನ ಕಡೆ ನಡೆದ.