ನೋಂದಾಯಿತ ಇಮೇಲ್

ದ್ರೌಪದಿ ತಂದ ಮೂರನೆಯ ಪತ್ರ ಹಿಂದಿನ ಎರಡಕ್ಕಿಂತ ಚಿಕ್ಕದಾಗಿತ್ತು. ಮೇಲೆ ಕೋಡ್ಲಾದ ಮಹಿಳಾ ಒಕ್ಕೂಟದ ಹೆಸರು, ಕೆಳಗೆ ಅಧ್ಯಕ್ಷೆ ರಮಾಬಾಯಿಯ ಸಹಿ, ಅದರ ಪಕ್ಕ ಲೆಕ್ಕ ಬರೆಯುವ ದ್ರೌಪದಿಯ ಸಹಿ. 'ನಮ್ಮ ಖಾತೆಯ ಎರಡು ವರ್ಷದ ಸ್ಟೇಟ್‌ಮೆಂಟನ್ನು ಎಕ್ಸೆಲ್ ಫೈಲಿನಲ್ಲಿ ಕೊಡಬೇಕು. ಸ್ಕ್ಯಾನ್ ಪ್ರತಿ ಬೇಡ. ಅದು ಬರೀ ಫೋಟೊ, ಒಳಗಿನ ಅಂಕಿ ಕಂಪ್ಯೂಟರಿಗೆ ಸಿಗುವುದಿಲ್ಲ. ಎರಡು ಸಲ ಕೇಳಿದಾಗಲೂ ಸ್ಕ್ಯಾನ್ ಕೊಟ್ಟಿದ್ದೀರಿ.'

ಬ್ಯಾಂಕಿನ ಸೇಡಂ ಶಾಖೆಯ ಗುಮಾಸ್ತ ಸಂಘಪಾಲ ಓದಿ ತಲೆ ಎತ್ತಲಿಲ್ಲ.

"ಎಂಬತ್ತಾರು ಹಾಳಿ ಕೊಟ್ಟೀವಲ್ರಿ ಅಕ್ಕಾರ. ಹಾಳಿಗೊಂದು ಮುದ್ರಿ ಹೊಡದು."

"ಮುದ್ರಿ ಹೊಡಿಯೂದಂದ್ರ ನಿಮಗ ಭಾಳ ಖುಷಿ. ಸೀದಾ ಅಂಕಿ ಮ್ಯಾಲೇ ಹೊಡದೀರಿ. ಆಡಿಟರ್ ಆಫೀಸಿನವ್ರು ಸ್ಕ್ಯಾನ್ ಓದೂ ಸಾಫ್ಟ್‌ವೇರಿಗೆ ಹಾಕ್ಯಾರ. ಮುದ್ರಿ ಬಿದ್ದಲ್ಲೆಲ್ಲಾ ಮೂರು ಹೋಗಿ ಎಂಟು ಆಗ್ಯದ. ಐವತ್ತೈದು ಸಾವಿರ ಫರಕ್ ಬರ್ಲಿಕತ್ತದ. ಯಾರ ಹೆಸರಿಗಿ ಬರೀತಾರ ಹೇಳ್ರಿ?"

ಸಂಘಪಾಲ ಪತ್ರ ಮಡಚಿ ಟ್ರೇಯಲ್ಲಿಟ್ಟ.

"ಸಂಘದಾಗ ಆಗ್ಲೇ ಶುರು ಆಗ್ಯದ. ದ್ರೌಪದಿ ಹೊಸಾ ಫ್ರಿಜ್ ಎಲ್ಲಿಂದ ತಂದ್ಲು ಅಂತ. ಅದು ನನ್ನ ತಂಗಿದು, ಕಂಪ್ರೆಸರ್ ಹೋಗ್ಯದ, ಅದರಾಗ ಜ್ವಾಳ ಇಟ್ಟೀನಿ."

"ಸಿಸ್ಟಂ ಪ್ರಾಬ್ಲಂ ಅದರಿ."

"ಮೂರು ತಿಂಗಳಿಂದ? ಬ್ಯಾರೆ ಬ್ಯಾಂಕಿನವ್ರು ಮೇಲ್ ಮಾಡ್ತಾರ. ನಮ್ಮ ಖಾತೇಕ ಯಾವ ಮೇಲ್ ಅದ, ಅದನ್ನರ ಹೇಳ್ರಿ."

"ನೋಡಿ ಹೇಳ್ತೀನಿ."

ಅವಳು ಪತ್ರದ ಇನ್ನೊಂದು ಪ್ರತಿ ಮುಂದೆ ತಳ್ಳಿದಳು. "ಮುಟ್ಟಿದ್ದಕ್ಕ ಸಹಿ ಹಾಕಿ ತಾರೀಖು ಬರೀರಿ. ಮೂವತ್ತು ದಿನ ನೋಡ್ತೀನಿ. ಆಮ್ಯಾಲ ಮ್ಯಾಲಿನವ್ರಿಗಿ ಬರೀತೀನಿ."

ಅವನು ಸಹಿ ಹಾಕಿದ.

ನೋಡಿ ಹೇಳುವುದೇನೂ ಇರಲಿಲ್ಲ. ಆ ಖಾತೆಗೆ ಯಾವ ಇಮೇಲ್ ಇದೆ ಎಂದು ಸಂಘಪಾಲನಿಗೆ ಗೊತ್ತಿತ್ತು. ಅದು ಅವನದೇ.

ನಾಲ್ಕು ವರ್ಷದ ಹಿಂದೆ ಖಾತೆ ತೆರೆಯುವ ಶಿಬಿರ ನಡೆದಿತ್ತು. ದಿನಕ್ಕೆ ಐವತ್ತು ಖಾತೆಯ ಗುರಿ. ಸ್ಕ್ರೀನಿನಲ್ಲಿ ಇಮೇಲ್ ಜಾಗ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಬಂದ ಹೆಂಗಸರಲ್ಲಿ ಯಾರಿಗೂ ಇಮೇಲ್ ಇರಲಿಲ್ಲ. ಏನಾದರೂ ಹಾಕು ಎಂದರು ಮೇಲಿನವರು. ಸಂಘಪಾಲ ತನ್ನ ಜಿಮೇಲ್ ಹಾಕಿದ. ಒಂದಕ್ಕೆ ಹಾಕಿದ ಮೇಲೆ ಎಲ್ಲದಕ್ಕೂ ಹಾಕಿದ. ಮುನ್ನೂರ ಹನ್ನೆರಡು ಖಾತೆ. ಪ್ರತಿ ತಿಂಗಳು ಅವರ ಸ್ಟೇಟ್‌ಮೆಂಟುಗಳು ಅವನ ಮೊಬೈಲಿಗೆ ಬರುತ್ತಿದ್ದವು. ಕಾಟ ತಾಳದೆ ಅವೆಲ್ಲ ಬೇರೆ ಫೋಲ್ಡರಿಗೆ ಹೋಗುವಂತೆ ಮಾಡಿ ಮರೆತಿದ್ದ. ಒಂದನ್ನೂ ತೆರೆದು ನೋಡಿರಲಿಲ್ಲ. ಆದರೆ ತೆರೆದಿಲ್ಲ ಎಂದು ಸಾಬೀತು ಮಾಡಲು ಅವನ ಬಳಿ ಏನೂ ಇರಲಿಲ್ಲ.

ಎಕ್ಸೆಲ್ ಕೊಡುವುದು ಎರಡು ನಿಮಿಷದ ಕೆಲಸ. ಖಾತೆ ನಂಬರು, ತಾರೀಖು ಹಾಕಿ ಫೈಲಿನ ನಮೂನೆ ಆರಿಸಿದರೆ ಸಿಸ್ಟಂ ತಾನೇ ಕಳಿಸುತ್ತದೆ. ಆದರೆ ನೋಂದಾಯಿತ ಇಮೇಲಿಗೆ ಮಾತ್ರ, ಅಂದರೆ ಅವನದಕ್ಕೆ; ಅಲ್ಲಿಂದ ಮುಂದೆ ಕಳಿಸಿದರೆ ಅವನ ಹೆಸರು ಬಯಲಾಗುತ್ತದೆ. ಶಾಖೆಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕುವಂತಿಲ್ಲ. ಉಳಿದದ್ದು ಪ್ರಿಂಟ್ ತೆಗೆದು, ಮುದ್ರೆ ಹೊಡೆದು, ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಕಳಿಸುವುದು.

ಇಮೇಲ್ ಬದಲಾಯಿಸಬಹುದಿತ್ತು. ಗುಮಾಸ್ತ ನಮೂದಿಸಬೇಕು, ಮ್ಯಾನೇಜರ್ ತಮ್ಮ ಐಡಿಯಿಂದ ಒಪ್ಪಬೇಕು. ಹಾಗೆ ಬದಲಾದದ್ದೆಲ್ಲ, ಹಳೆಯದೇನು ಹೊಸದೇನು ಎಂಬ ಪಟ್ಟಿಯಾಗಿ ಮರುದಿನ ಕಲಬುರಗಿಯ ಪ್ರಾದೇಶಿಕ ಕಚೇರಿಗೆ ಹೋಗುತ್ತದೆ. ಸಂಘಪಾಲ ಆಫೀಸರ್ ಪರೀಕ್ಷೆ ಪಾಸಾಗಿದ್ದ. ಬಡ್ತಿಯ ಆದೇಶ ಮುಂದಿನ ತಿಂಗಳು. ವಿಚಾರಣೆ ಬಾಕಿ ಇದ್ದವರ ಆದೇಶ ಲಕೋಟೆಯಲ್ಲೇ ಉಳಿಯುತ್ತದೆ.

ಮಧ್ಯಾಹ್ನ ಊಟದ ನಂತರ ಅವನು ಪತ್ರ ಹಿಡಿದು ಮ್ಯಾನೇಜರ್ ಸಿದ್ಧಲಿಂಗರ ಕೋಣೆಗೆ ಹೋದ. ಎಲ್ಲ ಹೇಳಿದ. ಸಿದ್ಧಲಿಂಗ ಖಾತೆ ತೆರೆದು ನೋಡಿದರು. ನಮೂದಿಸಿದವರು: ಸಂಘಪಾಲನ ಐಡಿ. ಒಪ್ಪಿದವರು: ಸಿದ್ಧಲಿಂಗರ ಐಡಿ. ಆಗ ಅವರು ಇದೇ ಶಾಖೆಯಲ್ಲಿ ಆಫೀಸರ್ ಆಗಿದ್ದರು.

"ನಾನೇ ಒಪ್ಪೀನೇನು ಇದನ್ನ?"

"ಮುನ್ನೂರ ಹನ್ನೆರಡೂ ನೀವೇರಿ ಸರ್."

"ಇಮೇಲಿನಾಗ ನಿನ್ನ ಹೆಸರೇ ಅದ. ನನ್ನ ಕಣ್ಣಿಗಿ ಹ್ಯಾಂಗ ಬೀಳಲಿಲ್ಲೋ ಮಾರಾಯ?"

"ಒಮ್ಮೆಲೇ ಐವತ್ತು ಒಪ್ತಿದ್ರಿ ಸರ್."

ಸಿದ್ಧಲಿಂಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಜೂನಿಗಿ ನಂದು ವರ್ಗಾವಣಿ. ಮುಂದಿನ ತಿಂಗಳ ನಿಂದು ಪ್ರಮೋಷನ್. ಅಲ್ಲೀ ತನಕ ಮುಟ್ಟಬ್ಯಾಡ. ಎಕ್ಸೆಲ್ ಸೌಲಭ್ಯ ಶಾಖೆಯಾಗ ಇಲ್ಲ, ದೃಢೀಕರಿಸಿದ ಪ್ರತಿ ಕೊಟ್ಟೀವಿ ಅಂತ ಬರದು ಕಳಸು."

"ಸೌಲಭ್ಯ ಅದರಿ ಸರ್."

"ನನಗ ಗೊತ್ತಿಲ್ಲೇನು?"

ಸಂಘಪಾಲ ಆ ಉತ್ತರ ಟೈಪ್ ಮಾಡಿದ. ಸಿದ್ಧಲಿಂಗ ಸಹಿ ಮಾಡಿದರು. ಟಪಾಲಿಗೆ ಹೋಯಿತು.

ಆರನೆಯ ದಿನ ದ್ರೌಪದಿ ಆ ಕಾಗದ ಹಿಡಿದು ಬಂದಳು. ಈ ಸಲ ಕೌಂಟರಿನ ಎದುರು ನಿಲ್ಲದೆ ಗೋಡೆಗೆ ಹಾಕಿದ್ದ ಕುರ್ಚಿಯಲ್ಲಿ ಕುಳಿತಳು. ಗದ್ದಲ ಕಡಿಮೆಯಾದ ಮೇಲೆ ಎದ್ದು ಬಂದಳು.

"ಬರೂ ಮಂಗಳವಾರ ಸಭೆ ಅದರಿ. ಲೆಕ್ಕದ ಪುಸ್ತಕ ಕೆಳಗ ಇಟ್ಟು ಕೆಲಸ ಬಿಡು ಅಂತಾರ. ಇಟ್ಟು ಬರ್ತೀನಿ. ಆದ್ರ ಐವತ್ತೈದು ಸಾವಿರ ಕಟ್ಟಂದ್ರ ಎಲ್ಲಿಂದ ಕಟ್ಟಲಿ? ನಾ ತಿಂದಿದ್ರ ಸ್ವಲ್ಪರ ದಪ್ಪ ಆಗ್ತಿದ್ದೆ."

ಅವಳು ನಗಲಿಲ್ಲ. ಅವನೂ ನಗಲಿಲ್ಲ.

"ಒಕ್ಕೂಟಕ್ಕ ಇಮೇಲ್ ಅದೇನ್ರಿ?"

"ಹೋದ ವರ್ಷ ಮಾಡ್ಸೀವಿ. ನನ್ನ ಫೋನಿನಾಗೇ ಅದ."

"ಖಾತೇಕ ಅದನ್ನ ಸೇರಿಸ್ರಿ ಅಂತ ಒಂದು ಅರ್ಜಿ ಬರೀರಿ. ರಮಾಬಾಯಿ ಅವರದು ಸಹಿ ಬೇಕು."

ರಮಾಬಾಯಿ ಹೊರಗೆ ಆಟೊದಲ್ಲಿ ಕುಳಿತಿದ್ದಳು. ಹತ್ತು ನಿಮಿಷಕ್ಕೆ ಅರ್ಜಿ ಬಂತು. ಸಂಘಪಾಲ ಸಹಿ ತಾಳೆ ನೋಡಿ, ಹಳೆಯ ಇಮೇಲ್ ಅಳಿಸಿ, ಹೊಸದನ್ನು ನಮೂದಿಸಿ ಕಳಿಸಿದ.

ಅದು ಸಿದ್ಧಲಿಂಗರ ಸ್ಕ್ರೀನಿಗೆ ಹೋಗಿ ಕುಳಿತುಕೊಂಡಿತು. ಒಪ್ಪಬೇಕು, ಇಲ್ಲವೆ ತಿರಸ್ಕರಿಸಬೇಕು. ಬಾಕಿ ಇಟ್ಟರೆ ಆ ದಿನದ ಶಾಖೆ ಮುಚ್ಚುವ ಲೆಕ್ಕ ಮುಗಿಯುವುದಿಲ್ಲ.

ಐದೂವರೆಗೆ ಅವರು ಕರೆದರು.

"ತಗೀ ಇದನ್ನ."

"ತಗದ್ರೂ ದಾಖಲಾಗ್ತದರಿ ಸರ್. ಗ್ರಾಹಕರ ಅರ್ಜಿ ಬ್ಯಾರೆ ಅದ."

"ನನಗ ಹೇಳ್ದೆ ಯಾಕ ಹಾಕಿದಿ?"

"ಹೇಳಿದ್ರ ಹಾಕಗೊಡ್ತಿದ್ದಿಲ್ಲ ನೀವು."

ಸಿದ್ಧಲಿಂಗ ಅರ್ಜಿಯನ್ನು ಎರಡು ಸಲ ಓದಿದರು. ಸಹಿ ಸರಿಯಿತ್ತು, ತಿರಸ್ಕರಿಸಲು ಕಾರಣ ಬರೆಯಬೇಕಿತ್ತು, ಬರೆಯುವಂಥ ಕಾರಣ ಇರಲಿಲ್ಲ. ಒಪ್ಪಿದರು.

ಸಂಘಪಾಲ ತನ್ನ ಜಾಗಕ್ಕೆ ಬಂದು ಎಕ್ಸೆಲ್ ಕಳಿಸಿದ. ದ್ರೌಪದಿ ಫೋನ್ ಮಾಡಿ ಬಂತು ಎಂದಳು. ಕೂಡಿಸಿದರೆ ಫರಕು ಸೊನ್ನೆ ಎಂದು ಮರುದಿನ ಆಡಿಟರ್ ಹೇಳಿದರು. ಆಮೇಲೆ ಅವಳು ಶಾಖೆಗೆ ಬರಲಿಲ್ಲ, ಬರುವ ಕೆಲಸವೂ ಇರಲಿಲ್ಲ.

ಎರಡು ದಿನದ ಮೇಲೆ ಸಿದ್ಧಲಿಂಗ ಅವನ ಕೈಗೆ ಮೆಮೊ ಕೊಟ್ಟರು. ಗ್ರಾಹಕರ ಖಾತೆಗಳಿಗೆ ಸ್ವಂತ ಇಮೇಲ್ ನಮೂದಿಸಿದ್ದು ಶಾಖೆಯ ಗಮನಕ್ಕೆ ಬಂದಿದೆ, ಮೂರು ದಿನದಲ್ಲಿ ವಿವರಣೆ ಕೊಡಿ. ಒಪ್ಪಿದವರು ಯಾರು ಎಂಬುದು ಅದರಲ್ಲಿ ಇರಲಿಲ್ಲ.

"ಕಲಬುರಗಿಯವ್ರು ಕೇಳೂಕಿಂತ ಮೊದಲ ನಾನೇ ಕೇಳಬೇಕಾಗ್ತದ," ಎಂದರು. "ಉತ್ತರದಾಗ ನನ್ನ ಹೆಸರು ಬರದ್ರ ಇಬ್ಬರೂ ಹೋಗ್ತೀವಿ. ಬರೀಲಿಲ್ಲಂದ್ರ ನಾ ಉಳೀತೀನಿ. ನಿನ್ನ ಪರ ಬರಿಯಾಂವ ಒಬ್ಬನರ ಇರ್ತಾನ."

"ಬರೀತೀರೇನ್ರಿ ಸರ್?"

"ಮೊದ್ಲ ನಿಂದು ಬರಿ."

ಅವನು ಹೊರಗೆ ಬಂದು ಕುಳಿತ. ಒಪ್ಪಿದವರ ಐಡಿ ಸಿಸ್ಟಂನಲ್ಲಿತ್ತು, ಯಾರು ಹುಡುಕಿದರೂ ಸಿಗುತ್ತಿತ್ತು. ಆದರೆ ಹುಡುಕುವವರಿಗೆ ಯಾವ ಕಾಗದ ಕಳಿಸಬೇಕೆಂದು ತೀರ್ಮಾನಿಸುವವರು ಕೋಣೆಯೊಳಗೆ ಕುಳಿತಿದ್ದರು. ಗುರಿ ಮುಟ್ಟುವ ಅವಸರದಲ್ಲಿ ತನ್ನಿಂದಾದ ತಪ್ಪು ಎಂದು ಸಂಘಪಾಲ ನಾಲ್ಕು ಸಾಲು ಬರೆದ. ಬೇರೆ ಯಾರ ಹೆಸರನ್ನೂ ಬರೆಯಲಿಲ್ಲ.

ಮುಂದಿನ ತಿಂಗಳು ಬಡ್ತಿಯ ಪಟ್ಟಿ ಬಂತು. ಚಿಂಚೋಳಿ, ವಾಡಿ, ಶಹಾಬಾದ ಶಾಖೆಗಳಿಂದ ಒಬ್ಬೊಬ್ಬರ ಹೆಸರಿತ್ತು. ಸೇಡಂನಿಂದ ಯಾರದೂ ಇರಲಿಲ್ಲ. ಸಿದ್ಧಲಿಂಗ ಅವನ ಪರ ಇನ್ನೂ ಏನೂ ಬರೆದಿರಲಿಲ್ಲ. ಜೂನಿಗೆ ಹೊಸ ಮ್ಯಾನೇಜರ್ ಬರುವ ತನಕ ಉಳಿದ ಮುನ್ನೂರ ಹನ್ನೊಂದು ಖಾತೆಗಳನ್ನು ಮುಟ್ಟಬೇಡ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಪ್ರತಿ ತಿಂಗಳ ಒಂದನೆಯ ತಾರೀಖು ಆ ಸ್ಟೇಟ್‌ಮೆಂಟುಗಳು ಸಂಘಪಾಲನ ಮೊಬೈಲಿಗೆ ಬರುತ್ತಲೇ ಇದ್ದವು.