ಅನಗತ್ಯ ಸೊನ್ನೆ

ಆರರಲ್ಲಿ ಐದು ಮುಗಿದಿದ್ದವು. ಆರನೆಯದರ ಮುಂದೆ ಕೂತು ಒಂದೂಕಾಲು ಗಂಟೆ ಆಗಿತ್ತು.

ನಮ್ಮ ಆಫೀಸಿನಲ್ಲಿ ಅವುಗಳಿಗೆ ಪರಾರಿಗಳು ಎನ್ನುತ್ತೇವೆ. ಪರೀಕ್ಷೆ ಮಾಡುವ ನಮ್ಮೆಲ್ಲರ ಕಣ್ಣು ತಪ್ಪಿಸಿ ಹೊರಗೆ ಹೋಗಿ, ಗಿರಾಕಿಯ ಕೈಯಲ್ಲಿ ಸಿಕ್ಕಿಬೀಳುವ ದೋಷಗಳು. ಒಂದೊಂದು ರಿಲೀಸ್, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ, ಹೊರಬಿದ್ದ ಮೂರು ವಾರಕ್ಕೆ ಅವುಗಳ ಪಟ್ಟಿ ಮಾಡುವುದು ನನ್ನ ಕೆಲಸ. ಸಾಲಿಗೊಂದು ದೋಷ. ಎಲ್ಲಿ ಸಿಕ್ಕಿತು, ಯಾರು ಹೇಳಿದರು, ಯಾವ ರಿಲೀಸಿನಲ್ಲಿ ಹುಟ್ಟಿತು, ಯಾವ ಟಾಸ್ಕಿನಿಂದ, ಅಂದರೆ ಸಂಖ್ಯೆ ಕೊಟ್ಟು ವಹಿಸಿದ ಯಾವ ಕೆಲಸದಿಂದ, ಹುಟ್ಟಿತು. ಕೊನೆಯ ಎರಡು ಕಾಲಮುಗಳಿಗಾಗಿಯೇ ಮಿಕ್ಕದ್ದೆಲ್ಲ ಇರುವುದು. ಲೆಕ್ಕ ಹತ್ತುವುದು ದೋಷ ಸಿಕ್ಕ ರಿಲೀಸಿಗಲ್ಲ, ಹುಟ್ಟಿದ ರಿಲೀಸಿಗೆ.

ನಾವು ಮಾಡುವುದು ಔಷಧಿ ಅಂಗಡಿಗಳ ಲೇಬಲ್ ಅಚ್ಚು ಹಾಕುವ ಸಾಫ್ಟ್‌ವೇರ್. ಬಾಟಲಿಯ ಮೇಲೆ ಹೆಸರು, ಔಷಧಿ, ಎಷ್ಟು ಕುಡಿಸಬೇಕು. ಆರನೆಯ ಪರಾರಿ ಸಿಕ್ಕಿದ್ದು ಗಡಿಯ ಹತ್ತಿರದ ಒಂದು ಸಣ್ಣ ಊರಿನಲ್ಲಿ, ಬರ್ನಡೆಟ್ ಕೋಸಿಯಾಕ್ ಅನ್ನುವವರ ಅಂಗಡಿಯಲ್ಲಿ. ಎಂಟು ತಿಂಗಳ ಮಗುವಿನ ಔಷಧಿ. 0.5 ಮಿಲಿ ಎಂದಿರಬೇಕಾದ ಕಡೆ .5 ಮಿಲಿ ಎಂದು ಬಿದ್ದಿತ್ತು. ಮುಂದಿನ ಸೊನ್ನೆ ಮಾಯ. ಆ ಚುಕ್ಕೆ ಎಷ್ಟು ಚಿಕ್ಕದೆಂದರೆ ಹೆಬ್ಬೆರಳು ಉಜ್ಜಿದರೆ ಹೋಗುತ್ತದೆ. ತಾಯಿ ಐದು ಎಂದೇ ಓದಿಕೊಂಡಳು. ಅಂಗಡಿಯವರು ಕೊಟ್ಟಿದ್ದ ಕುಡಿಸುವ ಪಿಚಕಾರಿ ಒಂದು ಮಿಲಿಯದ್ದು. ಐದು ಸಲ ತುಂಬಬೇಕಾ ಎಂದು ಅನುಮಾನ ಬಂದು ಅಂಗಡಿಗೆ ಫೋನ್ ಮಾಡಿದಳು. ಮಗು ಉಳಿದದ್ದು ಪಿಚಕಾರಿ ಚಿಕ್ಕದಾಗಿದ್ದರಿಂದ.

ದೋಷ ಹುಟ್ಟಿದ ಸಾಲನ್ನು ಹುಡುಕುವುದು ಕಷ್ಟವಲ್ಲ. ಕೋಡಿನ ಪ್ರತಿ ಸಾಲಿಗೂ ಅದನ್ನು ಕೊನೆಗೆ ಮುಟ್ಟಿದವರ ಹೆಸರು, ದಿನ, ಟಾಸ್ಕಿನ ಸಂಖ್ಯೆ ಅಂಟಿಕೊಂಡಿರುತ್ತದೆ. ಕೇಳಿದರೆ ಯಂತ್ರ ಹೇಳುತ್ತದೆ. ಕೇಳಿದೆ. ಹೇಳಿತು: ರಿಲೀಸ್ 7.4, ಟಾಸ್ಕ್ 8842, ಯೆರ್ ಶ್ಯಾಂಗ್.

ಯೆರ್ ನನ್ನ ಪಕ್ಕದ ಮೇಜಿನವಳು. ಸೇರಿ ಆರು ತಿಂಗಳು ತುಂಬುವುದು ಈ ಶುಕ್ರವಾರ. ಅವತ್ತು ಅವಳನ್ನು ಕಾಯಂ ಮಾಡುತ್ತಾರೋ ಇಲ್ಲವೋ ಗೊತ್ತಾಗುತ್ತದೆ. ಇವತ್ತು ಮಂಗಳವಾರ. ಎರಡು ಗಂಟೆಗೆ ಮೀಟಿಂಗು, ಪಟ್ಟಿ ಗೋಡೆಯ ಮೇಲೆ ಬೀಳುತ್ತದೆ.

ಅವಳಿಗಾಗಲೇ ಸುದ್ದಿ ಮುಟ್ಟಿತ್ತು. ಮಧ್ಯಾಹ್ನ ಅಂಟನ್ನದ ಡಬ್ಬಿ ತೆರೆದಿಟ್ಟುಕೊಂಡು ಒಂದು ತುತ್ತೂ ತಿನ್ನದೆ ಕೂತಿದ್ದಳು. ಕಿಟಕಿಯಾಚೆ ಸರೋವರದ ಮೇಲೆ ಮಂಜು. ಹಡಗಿಗೆ ದಾರಿ ಬಿಡಲು ಸೇತುವೆ ಮೇಲೇಳುವಾಗಿನ ಭೋಂಕಾರ ಕೇಳುತ್ತಿತ್ತು, ಹಡಗು ಕಾಣುತ್ತಿರಲಿಲ್ಲ.

"ನಾನು ಆ ಸಾಲನ್ನ ಓದೇ ಇಲ್ಲ ಮಾರೆನ್," ಅಂದಳು. "ಇಡೀ ಕಡತ ಎತ್ತಿ ಇನ್ನೊಂದು ಕಡೆ ಇಟ್ಟೆ ಅಷ್ಟೆ. ಟಾಸ್ಕಲ್ಲೂ ಅದೇ ಬರೆದಿತ್ತು. ಮನೆ ಬದಲಾಯಿಸೋವಾಗ ಪ್ರತಿ ಪಾತ್ರೆ ತೂತಾಗಿದ್ಯಾ ಅಂತ ಯಾರು ನೋಡ್ತಾರೆ ಹೇಳಿ?"

ನೋಡಬೇಕಿತ್ತು ಅಂದೆ. ಅಂದದ್ದು ತಪ್ಪಾಯಿತು. ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು.

ಆದರೆ ಅವಳು ಹೇಳಿದ್ದು ನನ್ನ ತಲೆಯಲ್ಲಿ ಸಿಕ್ಕಿಕೊಂಡಿತು. ಎತ್ತಿ ಇಟ್ಟಿದ್ದು. ಕಡತ ಜಾಗ ಬದಲಾಯಿಸಿದರೆ ಯಂತ್ರ ಎಲ್ಲ ಸಾಲನ್ನೂ ಎತ್ತಿದವರ ಹೆಸರಿಗೇ ಬರೆಯುತ್ತದೆ, ಅದರ ಬುದ್ಧಿ ಅಷ್ಟೆ. ಹಿಂದೆ ಎಲ್ಲಿತ್ತು ಎಂದು ಬೆನ್ನು ಹತ್ತಿ ಹುಡುಕು ಎಂದು ಬೇರೆಯಾಗಿ ಹೇಳಬೇಕು. ಬೇರೆಯಾಗಿ ಹೇಳಿದೆ.

ಈ ಸಲ ಬಂದ ಉತ್ತರದಲ್ಲಿ ಹೆಸರೇ ಇರಲಿಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಅಕ್ಟೋಬರ್. ರಿಲೀಸ್ 6.2. ಬರೆದವರ ಜಾಗದಲ್ಲಿ 'ಆಮದು' ಎಂದಿತ್ತು. ಹಳೆಯ ಭಂಡಾರದಿಂದ ಕೋಡನ್ನು ಹೊಸದಕ್ಕೆ ತಂದಾಗ ಎಲ್ಲರ ಹೆಸರೂ ಅಳಿಸಿಹೋಗಿ ಆ ಒಂದೇ ಹೆಸರು ಉಳಿದಿತ್ತು. ಟಾಸ್ಕ್ ಸಂಖ್ಯೆ ಮಾತ್ರ ಹಾಗೇ ಇತ್ತು. 1111.

ಆ ಸಂಖ್ಯೆ ನನಗೆ ಚೆನ್ನಾಗಿ ಗೊತ್ತಿತ್ತು.

ಆಗ ಒಂದು ಹೊಸ ನಿಯಮ ಬಂದಿತ್ತು. ಟಾಸ್ಕ್ ಸಂಖ್ಯೆ ಹಾಕದೆ ಕೋಡ್ ಕಳಿಸಿದರೆ ಯಂತ್ರ ತೆಗೆದುಕೊಳ್ಳುವುದಿಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಟಾಸ್ಕ್ ತೆರೆಯುತ್ತ ಕೂರುವವರು ಯಾರು? ಯಾರೋ ಒಬ್ಬರು 'ಕಸ ಗುಡಿಸುವುದು' ಎಂಬ ಹೆಸರಿನಲ್ಲಿ 1111 ತೆರೆದಿಟ್ಟರು. ಎಲ್ಲರೂ ಅದನ್ನೇ ಹಾಕತೊಡಗಿದೆವು. ಯಂತ್ರಕ್ಕೆ ಸಂಖ್ಯೆ ಸಿಕ್ಕರೆ ಸಾಕು, ಅದು ಟಾಸ್ಕನ್ನು ಓದುವುದಿಲ್ಲ. 1111ಕ್ಕೆ ವಿವರಣೆ ಇಲ್ಲ, ಪರೀಕ್ಷಿಸುವವರಿಲ್ಲ, ಮುಗಿಯುವ ದಿನವೂ ಇಲ್ಲ.

ಸಾಲಿನ ಪಕ್ಕದಲ್ಲಿ ಒಂದು ಟಿಪ್ಪಣಿ ಇತ್ತು: ಅನಗತ್ಯ ಸೊನ್ನೆಗಳನ್ನು ತೆಗೆಯಲು.

ಆ ಮಾತು ನನ್ನದು. ಆಗ ನಾನು ಪರೀಕ್ಷಕಿಯಲ್ಲ, ಕೋಡ್ ಬರೆಯುವವಳು. ಅಂಗಡಿಯಿಂದ ಯಾರೋ ಫೋನ್ ಮಾಡಿದ್ದರು. ಚಿಕ್ಕ ಲೇಬಲ್ಲಿನಲ್ಲಿ 5.0 ಎಂದು ಬಂದರೆ ಜನ ಐವತ್ತು ಎಂದು ಓದುತ್ತಾರೆ, ಆ ಹಿಂದಿನ ಸೊನ್ನೆ ತೆಗೆದುಹಾಕಿ ಅಂದಿದ್ದರು. ಸರಿಯಾದ ಮಾತು. ಒಂದು ಮಧ್ಯಾಹ್ನದಲ್ಲಿ ತೆಗೆದೆ. ಹಿಂದಿನದನ್ನು ತೆಗೆಯುವ ಭರದಲ್ಲಿ ಮುಂದಿನದನ್ನೂ ತೆಗೆದೆ. 5.0 ಹೋಗಿ 5 ಆಯಿತು, ಅದನ್ನು ನೋಡಿದೆ. 0.5 ಹೋಗಿ .5 ಆಯಿತು, ಅದನ್ನು ನೋಡಲಿಲ್ಲ. 1111 ಎಂದು ಬರೆದು ಕಳಿಸಿ ಮನೆಗೆ ಹೋದೆ.

ನೆನಪು ಸಾಕ್ಷಿಯಾಗುವುದಿಲ್ಲ. ಕೆಳಗಿನ ಪರೀಕ್ಷಾ ಕೋಣೆಗೆ ಹೋಗಿ ಹಳೆಯ ಯಂತ್ರದಲ್ಲಿ 6.1 ಹಾಕಿ ಚಿಕ್ಕ ಲೇಬಲ್ ತೆಗೆದೆ. 0.5. ಅದನ್ನು ಅಳಿಸಿ 6.2 ಹಾಕಿದೆ. .5. ಅದೇ ಲೇಬಲ್ ರೋಲು, ಅದೇ ಮಗು, ಅದೇ ಔಷಧಿ. ಎರಡು ಲೇಬಲ್ಲನ್ನೂ ಅಂಗೈಗೆ ಅಂಟಿಸಿಕೊಂಡು ಮೆಟ್ಟಿಲು ಹತ್ತಿದೆ. ಗಡಿಯಾರದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ.

ಯಂತ್ರ ಮೊದಲು ಹೇಳಿದ್ದನ್ನೇ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ದೋಷ 7.4ರದ್ದಾದರೆ ತಿರುಗಿ ನೋಡಬೇಕಾದ್ದು ಮೂರು ವಾರದ ಲೇಬಲ್ಲುಗಳು ಮಾತ್ರ. ಆ ಕೆಲಸ ಆಗಲೇ ಶುರುವಾಗಿತ್ತು. 6.2ರದ್ದಾದರೆ ನಾಲ್ಕು ವರ್ಷ. ಚಿಕ್ಕ ಲೇಬಲ್ಲಿನ ರೋಲು ಕೊಳ್ಳುವ ಮೂವತ್ತೊಂದು ಅಂಗಡಿ. ಚಿಕ್ಕ ರೋಲು ಚಿಕ್ಕ ಬಾಟಲಿಗೆ, ಚಿಕ್ಕ ಬಾಟಲಿ ಮಕ್ಕಳಿಗೆ. ಎಲ್ಲರ ಬಳಿಯೂ ಒಂದು ಮಿಲಿಯ ಪಿಚಕಾರಿ ಇತ್ತೇ?

ರೋಲಂಡ್ ಪೆಕ್ಕಲ ನಮ್ಮ ಮೇಲಿನವರು. ಕೆಟ್ಟವರಲ್ಲ, ಸುಸ್ತಾದವರು. ಅಂಗೈ ಮುಂದೆ ಹಿಡಿದೆ. ಕನ್ನಡಕ ಹಣೆಗೇರಿಸಿ ಓದಿದರು. ಬೆಳಿಗ್ಗೆಯಷ್ಟೇ ಮಾಲೀಕರಿಗೆ ಮೂರು ವಾರ ಎಂದು ಹೇಳಿಬಿಟ್ಟಿದ್ದೇನೆ ಎಂದರು. ಎರಡನ್ನೂ ಮತ್ತೊಮ್ಮೆ ಓದಿದರು.

"6.2 ಅಂತ ಬರಿ. ಎರಡು ಲೇಬಲ್ ಇಟ್ಕೊಂಡು ನಾನು ಇನ್ನೇನು ಹೇಳಕ್ಕಾಗತ್ತೆ," ಅಂದರು ಕೊನೆಗೆ. "ಆದ್ರೆ ಟಾಸ್ಕಿನ ಕಾಲಮಲ್ಲಿ 'ಗೊತ್ತಿಲ್ಲ' ಅಂತ ಹಾಕು. ಆ ಆಯ್ಕೆ ಇರೋದೇ ಇಂಥದ್ದಕ್ಕೆ. ದಾಖಲೆಯಲ್ಲಿ ಯಾರ ಹೆಸರೂ ಇಲ್ವಲ್ಲ."

"ಗೊತ್ತಿದೆ," ಅಂದೆ. "ನಾನೇ."

ಅವರು ಕನ್ನಡಕ ಕೆಳಗಿಳಿಸಿದರು.

"ಪರಾರಿ ಹಿಡಿಯೋಳೇ ಪರಾರಿ," ಅಂದರು. ನಗಿಸಲು ಹೇಳಿದ್ದು. ಇಬ್ಬರೂ ನಗಲಿಲ್ಲ. "1111 ಅಡಿಯಲ್ಲಿ ಒಟ್ಟು ಎಷ್ಟಿದಾವೆ?"

ಎಣಿಸಿಯೇ ಬಂದಿದ್ದೆ. ಆರುನೂರ ಮೂವತ್ತೆಂಟು ಬದಲಾವಣೆಗಳು. ನಾನು ಮಾಡಿದ್ದು ಎಷ್ಟು ಎಂದು ಹೇಳುವುದು ನನಗೂ ಸಾಧ್ಯವಿರಲಿಲ್ಲ. ಎಲ್ಲವೂ 'ಆಮದು'.

ಅವರು ಬಾಗಿಲು ಹಾಕಿಕೊಂಡು ಮಾಲೀಕರಿಗೆ ಫೋನ್ ಮಾಡಿದರು. ನಾನು ನನ್ನ ಮೇಜಿಗೆ ಬಂದು ಸಾಲು ತುಂಬಿಸಿದೆ. ಹುಟ್ಟಿದ ರಿಲೀಸ್: 6.2. ಹುಟ್ಟಿದ ಟಾಸ್ಕ್: 1111. ಟಿಪ್ಪಣಿ: ಫೋನಿನಲ್ಲಿ ಬಂದ ಕೋರಿಕೆ, ಟಾಸ್ಕ್ ತೆರೆದಿಲ್ಲ, ಪರೀಕ್ಷೆ ಮಾಡಿಲ್ಲ, ಬರೆದವಳು ಮಾರೆನ್ ಟೋಫ್ಟೆ. 8842 ಜಾಗ ಬದಲಾಯಿಸಿದ್ದು ಮಾತ್ರ. ಯೆರ್ ವಾಪಸ್ ಬಂದು ಕುರ್ಚಿಯಲ್ಲಿ ಕೂತಿದ್ದಳು. ನನ್ನ ಪರದೆಯ ಕಡೆ ನೋಡಬಾರದೆಂದು ಕತ್ತು ಬಿಗಿಹಿಡಿದಿದ್ದಳು. ಪರದೆಯನ್ನೇ ಅವಳ ಕಡೆ ತಿರುಗಿಸಿದೆ. ಓದಿದಳು. ಥ್ಯಾಂಕ್ಸ್ ಹೇಳಲಿಲ್ಲ, ಹೇಳಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ. ಡಬ್ಬಿ ತೆರೆದು ಒಂದು ಕೋಳಿ ತುಂಡು ನನ್ನ ಕಡೆ ತಳ್ಳಿದಳು.

ಇನ್ನೂ ಹದಿನೈದು ನಿಮಿಷ ಇತ್ತು. ಬರ್ನಡೆಟ್‌ಗೆ ಫೋನ್ ಮಾಡಿದೆ. ಇದು ಮೂರು ವಾರದ್ದಲ್ಲ, ನಾಲ್ಕು ವರ್ಷದ್ದು, ಹಳೆಯ ಲೇಬಲ್ಲುಗಳನ್ನೆಲ್ಲ ತಿರುಗಿ ನೋಡಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಅಯ್ಯೋ, ಅದು ಮೊದಲಿಂದ್ಲೂ ಹಾಗೇ ಅಲ್ವೇನಮ್ಮಾ," ಅಂದರು. "ಹಿಂದಿನ ಸೊನ್ನೆ ತೆಗೀರಿ ಅಂತ ಫೋನ್ ಮಾಡಿದ್ದು ನಾನೇ. ನೀವು ಮುಂದಿನದ್ದನ್ನೂ ತೆಗೆದ್ರಿ. ಮತ್ತೆ ಯಾಕೆ ಗೋಳು ಹುಯ್ಕೊಳ್ಳೋದು ಅಂತ ಪೆನ್ನಲ್ಲಿ ಬರೀತಾ ಬಂದ್ವಿ."

"ಪೆನ್ನಲ್ಲಿ?"

"ಹೂಂ. ಕೌಂಟರಲ್ಲಿ ದಾರ ಕಟ್ಟಿ ನೇತುಹಾಕಿದೀವಿ. ಚುಕ್ಕೆಯಿಂದ ಶುರುವಾಗಿದ್ರೆ ಮುಂದೆ ಒಂದು ಸೊನ್ನೆ. ನಾಲ್ಕು ವರ್ಷದಲ್ಲಿ ಒಂದೂ ಬಿಟ್ಟಿಲ್ಲ. ಹೋದ ತಿಂಗಳು ಹೊಸಬಳು ಸೇರಿದಳು. ಅವಳಿಗೆ ಹೇಳೋದು ಮರೆತುಹೋಯ್ತು."

ಅದಕ್ಕೇ ಅವರ ಅಂಗಡಿಯಿಂದ ದೂರು ಬಂದಿರಲಿಲ್ಲ. ದೋಷ ಪ್ರತಿ ದಿನ ಹೊರಗೆ ಬರುತ್ತಿತ್ತು, ಪ್ರತಿ ದಿನ ಒಬ್ಬ ಹೆಂಗಸು ಅದನ್ನು ಪೆನ್ನಿನಿಂದ ಮುಚ್ಚುತ್ತಿದ್ದಳು. ನಮ್ಮ ಪಟ್ಟಿಯಲ್ಲಿ ಮಾತ್ರ ಎಲ್ಲವೂ ಸರಿಯಿತ್ತು.

ಅಷ್ಟರ ಮಟ್ಟಿಗೆ ನೆಮ್ಮದಿ. ಅವರ ಅಂಗಡಿಯ ಮಕ್ಕಳು ಸುರಕ್ಷಿತ. ಹೇಳಿದ್ದಕ್ಕೆ ಥ್ಯಾಂಕ್ಸ್ ಅಂತೇನೋ ಅಂದೆ, ಅವರೂ ಏನೋ ಅಂದರು. ಫೋನಿಡುವ ಮೊದಲು ಕೇಳಿದೆ, ಬೇರೆ ಅಂಗಡಿಯವರೂ ಹೀಗೇ ಬರೆಯುತ್ತಾರಾ ಎಂದು.

ಅವರು ಯೋಚಿಸಿದರು. ನನಗೆ ಗೊತ್ತಿಲ್ಲಮ್ಮ ಅಂದರು.

ಎರಡು ಗಂಟೆಯಾಗಿತ್ತು. ಮೀಟಿಂಗ್ ಕೋಣೆಯ ಗೋಡೆಯ ಮೇಲೆ ಪಟ್ಟಿ ಬೆಳಗಿತು, ಆರನೆಯ ಸಾಲಿನಲ್ಲಿ ನನ್ನ ಹೆಸರು. ಅದನ್ನು ನೋಡಲು ಹೋಗಲಿಲ್ಲ. ಮೂವತ್ತೊಂದು ಅಂಗಡಿಗಳ ಪಟ್ಟಿ ತೆರೆದು, ಬರ್ನಡೆಟ್ ಅವರದ್ದರ ಮುಂದೆ ಗುರುತು ಹಾಕಿ, ಮುಂದಿನ ಸಂಖ್ಯೆಯನ್ನು ಒತ್ತಿದೆ. ಆ ಕಡೆ ರಿಂಗಾಗತೊಡಗಿತು. ಮೊದಲು ಏನು ಕೇಳಬೇಕೆಂದು ಗೊತ್ತಿತ್ತು. ನಿಮ್ಮ ಕೌಂಟರಿನಲ್ಲಿ ಪೆನ್ ಇದೆಯಾ?